ರಿಪೋರ್ಟಿನಲ್ಲಿ ‘ಬ್ಯಾರೆಟ್ಸ್’ ಅಂತ ಇದೆ: ವರ್ಷಕ್ಕೊಮ್ಮೆ ಎಂಡೋಸ್ಕೊಪಿಯೋ, ಮೂರಕ್ಕೋ, ಐದಕ್ಕೋ, ಬೇಡವೇ ಬೇಡವೋ?

ಕೆಲವು ತಿಂಗಳ ಹಿಂದೆ ಮೂವರು ಒಂದೇ ಪ್ರಶ್ನೆ ಹಿಡಿದು ಬಂದರು. ಮೂವರ ಕೈಯಲ್ಲೂ ಎಂಡೋಸ್ಕೊಪಿ ರಿಪೋರ್ಟು, ಮೂರರಲ್ಲೂ ‘ಬ್ಯಾರೆಟ್ಸ್ ಈಸೊಫೇಗಸ್’ ಎಂಬ ಸಾಲು. ಒಬ್ಬರಿಗೆ ವರ್ಷಕ್ಕೊಮ್ಮೆ ಎಂಡೋಸ್ಕೊಪಿ ಮಾಡಿಸಿ ಅಂದಿದ್ದರು. ಇನ್ನೊಬ್ಬರಿಗೆ ಮೂರು ವರ್ಷ ಬಿಟ್ಟು ಬನ್ನಿ ಅಂದಿದ್ದರು. ಮೂರನೆಯವರಿಗೆ ಯಾರೂ ಏನೂ ಹೇಳಿರಲಿಲ್ಲ. ಅವರು ಅಂತರ್ಜಾಲದಲ್ಲಿ ಓದಿ, ಇದು ಕ್ಯಾನ್ಸರಿನ ಮೊದಲ ಮೆಟ್ಟಿಲು ಎಂದು ತಿಳಿದು, ಎರಡು ವಾರದಿಂದ ನಿದ್ದೆಗೆಟ್ಟಿದ್ದರು. ಅಸಲಿಗೆ ಮೂವರಲ್ಲಿ ಅವರದ್ದೇ ಎಲ್ಲಕ್ಕಿಂತ ಹಗುರ ರಿಪೋರ್ಟು.

ನಾನು ದಿನವೂ ಎಂಡೋಸ್ಕೊಪಿ ಮಾಡುವ ವೈದ್ಯ. ಈ ಗೊಂದಲ ಹುಟ್ಟುವುದು ಜನರಿಗೆ ತಿಳಿವಳಿಕೆ ಇಲ್ಲ ಅಂತಲ್ಲ. ‘ಬ್ಯಾರೆಟ್ಸ್’ ಎಂಬ ಒಂದೇ ಹೆಸರಿನ ಕೆಳಗೆ ತೀರಾ ಬೇರೆ ಬೇರೆ ಸ್ಥಿತಿಗಳು ಕೂತಿವೆ. ಯಾವುದು ನಿಮ್ಮದು ಎಂದು ಗೊತ್ತಾದರೆ ಯಾವ ದಾರಿ ಎಂಬುದು ಅರ್ಧ ಗೊತ್ತಾದ ಹಾಗೆ.

ಮೊದಲು, ಆಗಿರುವುದೇನು

ಅನ್ನನಾಳದ ಒಳಗೋಡೆ ನಮ್ಮ ಬಾಯೊಳಗಿನ ಚರ್ಮದ ಹಾಗೇ ಇರುತ್ತದೆ. ಚಪ್ಪಟೆ ಕೋಶಗಳು ಒಂದರ ಮೇಲೊಂದು ಹಾಸಿಕೊಂಡಿರುತ್ತವೆ. ನುಂಗಿದ ತುತ್ತಿನ ಉಜ್ಜಾಟ ತಡೆದುಕೊಳ್ಳಲು ಅದು ಸಾಕು. ಆದರೆ ಹುಳಿಯನ್ನು ತಡೆದುಕೊಳ್ಳಲು ಅದಕ್ಕೆ ಆಗುವುದಿಲ್ಲ. ಜಠರದ ಆಸಿಡ್, ಅದರ ಜತೆಗೆ ಪಿತ್ತರಸ, ವರ್ಷಗಟ್ಟಲೆ ಮೇಲೆ ಬರುತ್ತಿದ್ದರೆ ಕೆಳತುದಿಯ ಆ ಪದರ ಸುಟ್ಟು ಹೋಗುತ್ತದೆ. ಕೆಲವರಲ್ಲಿ ಮತ್ತೆ ಅದೇ ಪದರ ಬೆಳೆಯುವ ಬದಲು ಬೇರೆ ಥರದ ಕೋಶಗಳು ಬೆಳೆಯುತ್ತವೆ. ಇವು ಉದ್ದಕ್ಕೆ, ಸಾಲಾಗಿ ನಿಲ್ಲಿಸಿದ ಕಂಬಗಳ ಹಾಗಿರುತ್ತವೆ. ನಡುನಡುವೆ ಲೋಳೆ ತುಂಬಿದ ಗಾಬ್ಲೆಟ್ ಕೋಶಗಳು ಕಾಣುತ್ತವೆ. ಅವು ಇರಬೇಕಾದ ಜಾಗ ಕರುಳು. ಎಂಡೋಸ್ಕೊಪಿಯಲ್ಲಿ ನೋಡಿದರೆ ಮಾಸಲು ಬಿಳಿಗುಲಾಬಿ ಗೋಡೆಯ ಕೆಳಗಡೆ ಕೆಂಪು ನಾಲಗೆಯಂಥ ಪಟ್ಟೆಗಳು ಮೇಲಕ್ಕೆ ಚಾಚಿರುತ್ತವೆ.

ಹೆಸರು ಕೊಟ್ಟ ನಾರ್ಮನ್ ಬ್ಯಾರೆಟ್ ಲಂಡನ್ನಿನ ಸರ್ಜನ್. 1950ರಲ್ಲಿ ಆತ ಬರೆದದ್ದು, ಇದು ಎದೆಗೂಡಿನೊಳಕ್ಕೆ ಎಳೆದುಕೊಂಡ ಜಠರದ ಭಾಗ ಅಂತ. ಅದು ತಪ್ಪಾಗಿತ್ತು, ಕೆಲವು ವರ್ಷಗಳ ಮೇಲೆ ಆತನೇ ಒಪ್ಪಿಕೊಂಡ. ಹೆಸರು ಮಾತ್ರ ಹಾಗೇ ಉಳಿಯಿತು.

ಈ ಹೊಸ ಪದರ ಆಸಿಡ್ಡನ್ನು ಚೆನ್ನಾಗಿಯೇ ತಡೆದುಕೊಳ್ಳುತ್ತದೆ. ಎಷ್ಟೋ ಜನರಿಗೆ ಇದು ಬಂದ ಮೇಲೆ ಎದೆಯುರಿ ಕಡಿಮೆಯಾಗುವುದೂ ಉಂಟು. ತೊಂದರೆ ಇರುವುದು ಇನ್ನೊಂದು ಕಡೆ. ಈ ಕೋಶಗಳು ಕೆಲವರಲ್ಲಿ ನಿಧಾನವಾಗಿ ಕೆಡುತ್ತವೆ. ಆ ಕೆಡುವಿಕೆಗೆ ಡಿಸ್ಪ್ಲೇಸಿಯಾ ಅನ್ನುತ್ತಾರೆ. ಮೊದಲು ಲೋ ಗ್ರೇಡ್, ಆಮೇಲೆ ಹೈ ಗ್ರೇಡ್, ಕೊನೆಗೆ ಅಡಿನೊಕಾರ್ಸಿನೋಮಾ ಎಂಬ ಕ್ಯಾನ್ಸರ್. ಬಹುತೇಕರು ಮೊದಲ ಮೆಟ್ಟಿಲನ್ನೂ ಹತ್ತುವುದಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಅನ್ನನಾಳದ ಕ್ಯಾನ್ಸರ್ ಅಂದರೆ ಹೆಚ್ಚಾಗಿ ಸ್ಕ್ವೇಮಸ್ ಎಂಬ ಇನ್ನೊಂದು ಬಗೆ. ಅದು ತಂಬಾಕು, ಅಡಿಕೆ, ಹೆಂಡದ ಜತೆ ನಂಟಿರುವ ಕ್ಯಾನ್ಸರ್. ಅದಕ್ಕೂ ಬ್ಯಾರೆಟ್ಸ್‌ಗೂ ಸಂಬಂಧ ಇಲ್ಲ. ಬೀಡಿ ಸೇದುವ ಪಕ್ಕದ ಮನೆಯವರಿಗೆ ಗಂಟಲ ಕೆಳಗೆ ಗಡ್ಡೆ ಬಂತು ಎಂದು ನಿಮ್ಮ ಬ್ಯಾರೆಟ್ಸ್ ರಿಪೋರ್ಟನ್ನು ಅದಕ್ಕೆ ಜೋಡಿಸಿಕೊಳ್ಳಬೇಡಿ.

ಯಾವ ಅಳತೆಗೋಲಿನಿಂದ ಅಳೆಯುವುದು

ನಾಲ್ಕು ಸಂಗತಿ ನೋಡಬೇಕು. ಮೊದಲ ಎರಡು ನಿಮ್ಮ ರಿಪೋರ್ಟಿನಲ್ಲೇ ಇರಬೇಕು.

ಒಂದು, ಎಷ್ಟು ಉದ್ದ. ಒಳ್ಳೆಯ ರಿಪೋರ್ಟಿನಲ್ಲಿ `C1M4` ಎಂಬಂಥ ಬರಹ ಇರುತ್ತದೆ. ಇದಕ್ಕೆ ಪ್ರಾಗ್ ಅಳತೆ ಅನ್ನುತ್ತಾರೆ. C ಅಂದರೆ ನಾಳದ ಸುತ್ತ ಪೂರ್ತಿ ಉಂಗುರದ ಹಾಗೆ ಬದಲಾಗಿರುವ ಉದ್ದ. M ಅಂದರೆ ಎಲ್ಲಕ್ಕಿಂತ ಮೇಲೆ ಚಾಚಿದ ನಾಲಗೆಯ ತುದಿವರೆಗಿನ ಉದ್ದ. ಎರಡೂ ಸೆಂಟಿಮೀಟರಿನಲ್ಲಿ, ಜಠರದ ಮಡಿಕೆಗಳು ಶುರುವಾಗುವ ಜಾಗದಿಂದ ಮೇಲಕ್ಕೆ. `C1M4` ಅಂದರೆ ಒಂದು ಸೆಂಟಿಮೀಟರ್ ಉಂಗುರ, ನಾಲ್ಕು ಸೆಂಟಿಮೀಟರ್‌ವರೆಗೆ ನಾಲಗೆ. M ಒಂದಕ್ಕಿಂತ ಕಡಿಮೆ ಇದ್ದರೆ ಅದನ್ನು ಬ್ಯಾರೆಟ್ಸ್ ಎಂದು ಕರೆಯುವ ಹಾಗೇ ಇಲ್ಲ.

ಎರಡು, ಬಯಾಪ್ಸಿ ಏನು ಹೇಳಿದೆ. ಗಾಬ್ಲೆಟ್ ಕೋಶ ಇರುವ ‘ಇಂಟೆಸ್ಟೈನಲ್ ಮೆಟಾಪ್ಲೇಸಿಯಾ’ ಸಿಕ್ಕಿದೆಯೇ? ಡಿಸ್ಪ್ಲೇಸಿಯಾ ಇದೆಯೇ, ಇದ್ದರೆ ಯಾವ ಗ್ರೇಡ್? ಬಯಾಪ್ಸಿಯನ್ನೇ ತೆಗೆಯದೆ ಬರೀ ಕಣ್ಣಳತೆಯಲ್ಲಿ ‘ಬ್ಯಾರೆಟ್ಸ್’ ಎಂದು ಬರೆದಿದ್ದರೆ ಅದು ಅನುಮಾನ ಅಷ್ಟೇ, ರೋಗನಿರ್ಣಯ ಅಲ್ಲ.

ಮೂರು, ಆ ಎಂಡೋಸ್ಕೊಪಿಯನ್ನು ಎಷ್ಟು ಚೆನ್ನಾಗಿ ಮಾಡಿದ್ದರು. ಇದನ್ನು ಯಾರೂ ಕೇಳುವುದಿಲ್ಲ. ನನ್ನ ಲೆಕ್ಕದಲ್ಲಿ ಎಷ್ಟು ವರ್ಷಕ್ಕೊಮ್ಮೆ ಎಂಬುದಕ್ಕಿಂತ ಇದೇ ಮುಖ್ಯ. ಮುಂದೆ ಬಿಡಿಸಿ ಹೇಳುತ್ತೇನೆ.

ನಾಲ್ಕು, ನೀವು. ವಯಸ್ಸು, ಬೇರೆ ಕಾಯಿಲೆ, ಊರಿಂದ ಆಸ್ಪತ್ರೆಗೆ ಎಷ್ಟು ದೂರ, ಪ್ರತಿ ಸಲದ ಖರ್ಚು, ಕಾಯುವಾಗಿನ ಆತಂಕ. ನಾಳೆ ಏನಾದರೂ ಸಿಕ್ಕರೆ ಅದಕ್ಕೆ ಚಿಕಿತ್ಸೆ ಪಡೆಯುವ ಶಕ್ತಿ ಇದೆಯೇ ಎಂಬುದೂ ಇದರೊಳಗೇ ಬಂತು.

ಒಂದನೇ ದಾರಿ: ಫಾಲೋಅಪ್ ಬೇಡ

ಇದು ಅಸಡ್ಡೆ ಅಲ್ಲ, ಕೆಲವರಿಗೆ ಇದೇ ಸರಿಯಾದ ಉತ್ತರ. ಅನ್ನನಾಳ ಮುಗಿದು ಜಠರ ಶುರುವಾಗುವಲ್ಲಿ ಬಣ್ಣ ಬದಲಾಗುವ ಗೆರೆಗೆ ಝಡ್ ಲೈನ್ ಅನ್ನುತ್ತಾರೆ. ಅದು ಹಲವರಲ್ಲಿ ಹುಟ್ಟಿದಾಗಿನಿಂದಲೇ ಅಂಕುಡೊಂಕು. ಅರ್ಧ ಸೆಂಟಿಮೀಟರ್ ಮೇಲೆ ಕೆಳಗೆ ಇರುತ್ತದೆ. ಅದನ್ನು ಕಂಡು ‘ಬ್ಯಾರೆಟ್ಸ್ ಇರಬಹುದು’ ಎಂದು ಬರೆದ ರಿಪೋರ್ಟುಗಳೇ ನನ್ನ ಹತ್ತಿರ ಹೆಚ್ಚು ಬರುವುದು. ನಿದ್ದೆಗೆಟ್ಟಿದ್ದ ಆ ಮೂರನೆಯವರದ್ದೂ ಅದೇ.

ಬೇರೆಯವರನ್ನು ದೂರುವ ಮುಂಚೆ ನನ್ನದೇ ಹೇಳುತ್ತೇನೆ. ಕಲಿಕೆಯ ದಿನಗಳಲ್ಲಿ ಒಬ್ಬ ಹೆಣ್ಣುಮಗಳ ಝಡ್ ಲೈನ್ ನೋಡಿ ನಾನೂ ಹಾಗೇ ಬರೆದಿದ್ದೆ. ಆರು ವರ್ಷ ಕಳೆದು ಸಿಕ್ಕಾಗ ಆಕೆ ನಾಲ್ಕು ಎಂಡೋಸ್ಕೊಪಿ ಮಾಡಿಸಿಕೊಂಡಿದ್ದರು. ವಿಮೆ ಕಂಪನಿಯವರ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಸಾಕಾಗಿದ್ದರು. ಅಲ್ಲಿ ಏನೂ ಇರಲಿಲ್ಲ. ನಾನು ಬರೆದ ಒಂದು ಸಾಲು, ಅಷ್ಟೇ.

ಹಾಗಾಗಿ ಉದ್ದ ಒಂದು ಸೆಂಟಿಮೀಟರ್ ಮುಟ್ಟದಿದ್ದರೆ ಎದೆಯುರಿಗೆ ಚಿಕಿತ್ಸೆ ಸಾಕು, ಕಾವಲಿನ ಎಂಡೋಸ್ಕೊಪಿ ಬೇಡ. ಇನ್ನೊಂದು ತುದಿಯಲ್ಲಿರುವವರು ಹಿರಿಯರು. ಯುರೋಪಿನ ಎಂಡೋಸ್ಕೊಪಿ ಸಂಘದ ಮಾರ್ಗಸೂಚಿ ಹೇಳುವಂತೆ, ಇಲ್ಲಿವರೆಗೆ ಡಿಸ್ಪ್ಲೇಸಿಯಾ ಕಂಡಿರದಿದ್ದರೆ 75 ವರ್ಷ ಆದ ಮೇಲೆ ಕಾವಲು ನಿಲ್ಲಿಸಬಹುದು. ಎರಡು ಸ್ಟೆಂಟ್ ಹಾಕಿಸಿಕೊಂಡು, ಮೆಟ್ಟಿಲು ಹತ್ತಲು ಏದುಸಿರು ಬಿಡುವ ಅಜ್ಜನನ್ನು ಮೂರು ವರ್ಷಕ್ಕೊಮ್ಮೆ ಎಂಡೋಸ್ಕೊಪಿ ಟೇಬಲ್ ಮೇಲೆ ಮಲಗಿಸುವುದರಲ್ಲಿ ಅರ್ಥವಿಲ್ಲ.

ಎರಡು ಮತ್ತು ಮೂರು: ಐದು ವರ್ಷವೋ, ಮೂರು ವರ್ಷವೋ

ಡಿಸ್ಪ್ಲೇಸಿಯಾ ಇಲ್ಲದ ಬ್ಯಾರೆಟ್ಸ್‌ಗೆ ಗೆರೆ ಎಳೆಯುವುದು ಮೂರು ಸೆಂಟಿಮೀಟರಿನಲ್ಲಿ. ಅಮೆರಿಕದ ಗ್ಯಾಸ್ಟ್ರೊಎಂಟರಾಲಜಿ ಕಾಲೇಜಿನ 2022ರ ಮಾರ್ಗಸೂಚಿ, ಯುರೋಪಿನ 2023ರದ್ದು, ಎರಡೂ ಇಲ್ಲಿ ಒಂದೇ ಮಾತು ಹೇಳುತ್ತವೆ. ಮೂರಕ್ಕಿಂತ ಕಡಿಮೆ ಇದ್ದರೆ ಐದು ವರ್ಷಕ್ಕೊಮ್ಮೆ, ಮೂರು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮೂರು ವರ್ಷಕ್ಕೊಮ್ಮೆ. ಹತ್ತು ಸೆಂಟಿಮೀಟರ್ ದಾಟಿದರೆ ಇದರಲ್ಲೇ ಪಳಗಿದ ಕೇಂದ್ರಕ್ಕೆ ಹೋಗಬೇಕು ಎಂದು ಯುರೋಪಿನವರು ಸೇರಿಸುತ್ತಾರೆ. ಬ್ರಿಟನ್ನಿನವರ ಅಂಕಿ ಸ್ವಲ್ಪ ಬಿಗಿ. ಚಿಕ್ಕದಕ್ಕೆ ಮೂರರಿಂದ ಐದು ವರ್ಷ, ಉದ್ದದ್ದಕ್ಕೆ ಎರಡರಿಂದ ಮೂರು. ಮಗ ಲಂಡನ್ನಿನಿಂದ ಫೋನ್ ಮಾಡಿ ‘ಅಪ್ಪಾ, ಇಲ್ಲಿ ಎರಡು ವರ್ಷ ಅಂತಾರೆ’ ಅಂದರೆ ನಿಮ್ಮ ಡಾಕ್ಟರು ತಪ್ಪು ಎಂದಲ್ಲ.

ಉದ್ದಕ್ಕೇಕೆ ಇಷ್ಟು ತೂಕ? ಕೆಡಬಹುದಾದ ಜಾಗ ಎಷ್ಟು ದೊಡ್ಡದೋ ಅಪಾಯವೂ ಅಷ್ಟು ದೊಡ್ಡದು. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಡಿಸ್ಪ್ಲೇಸಿಯಾ ಇಲ್ಲದ ಚಿಕ್ಕ ಬ್ಯಾರೆಟ್ಸ್‌ನಲ್ಲಿ ವರ್ಷಕ್ಕೆ ಹತ್ತು ಸಾವಿರ ಜನರಲ್ಲಿ ಸುಮಾರು ಆರು ಮಂದಿಗೆ ಕ್ಯಾನ್ಸರ್ ಬರುತ್ತದೆ. ಉದ್ದದ್ದರಲ್ಲಿ ಸುಮಾರು ಮೂವತ್ತು ಮಂದಿಗೆ. ಐದು ಪಟ್ಟು ವ್ಯತ್ಯಾಸ ನಿಜ. ಹಾಗಿದ್ದೂ ಉದ್ದದ್ದು ಇರುವ ಹತ್ತು ಸಾವಿರದಲ್ಲಿ 9,970 ಜನರಿಗೆ ಆ ವರ್ಷ ಏನೂ ಆಗುವುದಿಲ್ಲ. ‘ಬ್ಯಾರೆಟ್ಸ್ ಇದ್ದವರಿಗೆ ಕ್ಯಾನ್ಸರ್ ಸಾಧ್ಯತೆ ಎಷ್ಟೋ ಪಟ್ಟು ಹೆಚ್ಚು’ ಎಂಬ ವಾಕ್ಯ ಓದಿ ಹೆದರುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

`M2`, `M4` ಎಂಬಂತೆ ಸ್ಪಷ್ಟವಾಗಿದ್ದರೆ ಆಯ್ಕೆ ಸುಲಭ. ತೊಡಕು ಬರುವುದು ಗಡಿಯಲ್ಲಿ. `M3` ಅಂದುಕೊಳ್ಳಿ. ಉಸಿರಾಟಕ್ಕೆ, ವಾಂತಿ ಬಂದ ಹಾಗಾದಾಗ, ಅನ್ನನಾಳ ಮೇಲೆ ಕೆಳಗೆ ಜಾರುತ್ತದೆ. ಅರ್ಧ ಸೆಂಟಿಮೀಟರ್ ಆಚೀಚೆ ಆಗುವುದು ಸಹಜ. ಅಂಥಲ್ಲಿ ನಾನು ಮನುಷ್ಯನನ್ನು ನೋಡುತ್ತೇನೆ. ಗಂಡಸು, ಹೊಟ್ಟೆ ಮುಂದೆ ಬಂದಿದೆ, ಸಿಗರೇಟು ಬಿಟ್ಟಿಲ್ಲ, ಅಪ್ಪನಿಗೋ ಅಣ್ಣನಿಗೋ ಇದೇ ಕ್ಯಾನ್ಸರ್ ಇತ್ತು ಅಂದರೆ ಮೂರು ವರ್ಷ. ಹೆಣ್ಣುಮಗಳು, ಸಿಗರೇಟಿಲ್ಲ, ಮಾತ್ರೆಯಲ್ಲಿ ಎಲ್ಲ ಹಿಡಿತದಲ್ಲಿದೆ ಅಂದರೆ ಐದು.

ನಾಲ್ಕನೇ ದಾರಿ: ವರ್ಷಕ್ಕೊಮ್ಮೆ, ‘ಸೇಫ್ಟಿಗೆ’

ಜನ ಹೆಚ್ಚು ಕೇಳಿಕೊಳ್ಳುವುದು ಇದನ್ನೇ. ಡಾಕ್ಟರೇ, ದುಡ್ಡು ಹೋದರೆ ಹೋಗಲಿ, ವರ್ಷಕ್ಕೊಂದು ಸಲ ನೋಡಿಬಿಡಿ ಅಂತಾರೆ. ಡಿಸ್ಪ್ಲೇಸಿಯಾ ಇಲ್ಲದವರಿಗೆ ನಾನು ಇದನ್ನು ಒಪ್ಪುವುದಿಲ್ಲ.

ಬ್ರಿಟನ್ನಿನಲ್ಲಿ ‘ಬಾಸ್’ ಎಂಬ ದೊಡ್ಡ ಪ್ರಯೋಗ ನಡೆಯಿತು. 3,400ಕ್ಕೂ ಹೆಚ್ಚು ಬ್ಯಾರೆಟ್ಸ್ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎರಡು ವರ್ಷಕ್ಕೊಮ್ಮೆ ಎಂಡೋಸ್ಕೊಪಿ. ಇನ್ನೊಂದು ಗುಂಪಿಗೆ ತೊಂದರೆ ಕಂಡಾಗ ಮಾತ್ರ. ಹತ್ತು ವರ್ಷಕ್ಕೂ ಮೇಲೆ ಕಾದು 2025ರಲ್ಲಿ ಫಲಿತಾಂಶ ಪ್ರಕಟಿಸಿದರು. ಸತ್ತವರ ಲೆಕ್ಕದಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಈ ಕ್ಯಾನ್ಸರ್ ಬಂದವರು ಎರಡೂ ಕಡೆ ಶೇ 2ರ ಆಸುಪಾಸು. ಅಷ್ಟು ವರ್ಷದಲ್ಲಿ ಸತ್ತವರಲ್ಲಿ ಬಹುಪಾಲು ಜನ ಬೇರೆ ಕಾರಣಗಳಿಗೇ ಸತ್ತಿದ್ದರು.

ಇದನ್ನು ಓದಿ ‘ಹಾಗಾದರೆ ಕಾವಲೇ ವೇಸ್ಟು’ ಎಂದು ಹಾರಬಾರದು. ತೊಂದರೆ ಕಂಡಾಗ ಮಾತ್ರ ಅನ್ನುವ ಗುಂಪಿನಲ್ಲೂ ಅರ್ಧಕ್ಕಿಂತ ಜಾಸ್ತಿ ಜನ ಒಂದಲ್ಲ ಒಂದು ಸಲ ಎಂಡೋಸ್ಕೊಪಿ ಮಾಡಿಸಿಕೊಂಡಿದ್ದರು. ಪ್ರಯೋಗ ಶುರುವಾದಾಗ ಇದ್ದ ಯಂತ್ರಗಳಿಗೂ ಈಗಿನವಕ್ಕೂ ತುಂಬ ಅಂತರ ಇದೆ. ಆದರೆ ಒಂದು ಮಾತು ಖಚಿತ. ಎರಡು ವರ್ಷಕ್ಕೊಮ್ಮೆ ನೋಡಿಯೇ ಹೆಚ್ಚಿನ ಲಾಭ ಕಾಣದಿದ್ದಾಗ, ವರ್ಷಕ್ಕೊಮ್ಮೆ ನೋಡಿದರೆ ಇನ್ನೂ ಸೇಫು ಎನ್ನಲು ಆಧಾರ ಇಲ್ಲ.

ಹಾಗಾದರೆ ‘ತೊಂದರೆ ಕಂಡಾಗ ಮಾತ್ರ’ ಎಂಬುದನ್ನೇ ಆರಿಸಿಕೊಳ್ಳಬಹುದೇ? ಎರಡು ಸೆಂಟಿಮೀಟರಿನ ಬ್ಯಾರೆಟ್ಸ್, ಡಿಸ್ಪ್ಲೇಸಿಯಾ ಇಲ್ಲ, ದೊಡ್ಡಾಸ್ಪತ್ರೆಗೆ ಆರು ತಾಸಿನ ಬಸ್ಸು, ಕೂಲಿ ಬಿಟ್ಟು ಬರಬೇಕು. ಇಂಥವರು ಹಾಗೆ ಮಾಡಿದರೆ ನಾನು ಬೈಯುವುದಿಲ್ಲ. ಆದರೆ ‘ತೊಂದರೆ’ ಅಂದರೆ ಏನು ಎಂದು ಮನೆಯವರಿಗೂ ಗೊತ್ತಿರಬೇಕು. ರೊಟ್ಟಿ, ಮುದ್ದೆ, ಅನ್ನ ಎದೆಯಲ್ಲಿ ಸಿಕ್ಕಿಕೊಂಡ ಹಾಗಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಟಾರಿನಂಥ ಕಪ್ಪು ಮಲ, ರಕ್ತ ಕಡಿಮೆಯಾಗಿದೆ ಎಂಬ ರಿಪೋರ್ಟು. ಇವುಗಳಲ್ಲಿ ಯಾವುದೇ ಕಂಡರೂ ಐದು ವರ್ಷ, ಮೂರು ವರ್ಷ ಎಂದು ಲೆಕ್ಕ ಹಾಕುತ್ತ ಕೂರದೆ ಆ ವಾರವೇ ಬರಬೇಕು.

ನೋಡುವ ರೀತಿ

ಕಾವಲಿನ ಎಂಡೋಸ್ಕೊಪಿ ಸೋಲುವುದು ಹೆಚ್ಚಾಗಿ ಇಲ್ಲಿ. ಬ್ಯಾರೆಟ್ಸ್ ಇರುವವರಲ್ಲಿ ಮುಂದೆ ಪತ್ತೆಯಾದ ಕ್ಯಾನ್ಸರ್‌ಗಳನ್ನು ಹಿಂತಿರುಗಿ ನೋಡಿದ ಒಂದು ವಿಶ್ಲೇಷಣೆಯಲ್ಲಿ, ಸುಮಾರು ಕಾಲು ಭಾಗ ಸಿಕ್ಕಿದ್ದು ‘ಏನೂ ಇಲ್ಲ’ ಎಂದ ಎಂಡೋಸ್ಕೊಪಿ ಆಗಿ ಒಂದು ವರ್ಷದೊಳಗೆ. ಅಷ್ಟು ಬೇಗ ಹೊಸದಾಗಿ ಹುಟ್ಟಿರುವುದು ಕಡಿಮೆ. ಹೆಚ್ಚಿನವು ಆಗಲೇ ಇದ್ದವು, ಕಂಡಿರಲಿಲ್ಲ.

ಮೊದಲ ಸಂಗತಿ ಸಮಯ. ಬ್ಯಾರೆಟ್ಸ್ ಇರುವ ಜಾಗವನ್ನು ಪ್ರತಿ ಸೆಂಟಿಮೀಟರಿಗೆ ಒಂದು ನಿಮಿಷವಾದರೂ ನೋಡಬೇಕು. ನಾಲ್ಕು ಸೆಂಟಿಮೀಟರ್ ಇದ್ದರೆ ನಾಲ್ಕು ನಿಮಿಷ, ಅದೂ ಲೋಳೆ, ನೊರೆ ಎಲ್ಲ ತೊಳೆದ ಮೇಲೆ. ಎಚ್ಚರದಲ್ಲಿ, ಗಂಟಲಿಗೆ ಸ್ಪ್ರೇ ಮಾತ್ರ ಹೊಡೆಸಿಕೊಂಡು, ವಾಕರಿಸುತ್ತಿರುವವರಲ್ಲಿ ಇದು ಕಷ್ಟ. ಹಾಗಾಗಿ ಮಾಮೂಲಿ ಗ್ಯಾಸ್ಟ್ರೈಟಿಸ್ ನೋಡಲು ಮಂಪರಿನ ಇಂಜೆಕ್ಷನ್ ಬೇಡ ಎನ್ನುವ ನಾನೇ ಇದಕ್ಕೆ ಮಾತ್ರ ತಗೊಳ್ಳಿ ಅನ್ನುತ್ತೇನೆ. ಸ್ವಲ್ಪ ಖರ್ಚು ಹೆಚ್ಚು, ಜತೆಗೆ ಒಬ್ಬರು ಬರಬೇಕು. ಇಲ್ಲಿ ದುಡ್ಡು ಉಳಿಸಬೇಡಿ.

ಎರಡನೆಯದು ಬಯಾಪ್ಸಿಯ ಲೆಕ್ಕ. ಇದಕ್ಕೆ ಸಿಯಾಟಲ್ ಪದ್ಧತಿ ಎಂದು ಹೆಸರು. ಕೆಳಗಿನಿಂದ ಮೇಲಕ್ಕೆ ಎರಡೆರಡು ಸೆಂಟಿಮೀಟರಿಗೆ ನಿಂತು, ನಾಲ್ಕು ದಿಕ್ಕಿನಿಂದ ಒಂದೊಂದು ಚೂರು ತೆಗೆಯಬೇಕು. ಹಿಂದೆ ಡಿಸ್ಪ್ಲೇಸಿಯಾ ಇದ್ದಿದ್ದರೆ ಒಂದೊಂದು ಸೆಂಟಿಮೀಟರಿಗೆ. ಕಣ್ಣಿಗೆ ಬೇರೆ ಥರ ಕಂಡ ಜಾಗದಿಂದ ಮೊದಲು, ಬೇರೆಯಾಗಿ. ನಾಲ್ಕು ಸೆಂಟಿಮೀಟರಿನವರಿಗೆ ಎಂಟು ಚೂರಾದರೂ ಬೇಕು. ಎರಡೇ ಚೂರು ತೆಗೆದು ‘ಡಿಸ್ಪ್ಲೇಸಿಯಾ ಇಲ್ಲ’ ಎಂದರೆ, ಹೊಲದ ಒಂದು ಮೂಲೆಯ ಮಣ್ಣು ನೋಡಿ ಇಡೀ ಹೊಲಕ್ಕೆ ಗೊಬ್ಬರ ಬರೆದುಕೊಟ್ಟ ಹಾಗೆ. ಒಂದೊಂದು ಮಟ್ಟದ ಚೂರು ಒಂದೊಂದು ಬಾಟಲಿಗೆ ಹಾಕಬೇಕು. ಲ್ಯಾಬಿನವರು ಬಾಟಲಿ ಲೆಕ್ಕದಲ್ಲಿ ಬಿಲ್ ಮಾಡುತ್ತಿದ್ದರೆ ಅದಕ್ಕೆ ಸಿದ್ಧರಾಗಿ ಬನ್ನಿ. ಬಜೆಟ್ ಕಡಿಮೆ ಇದ್ದರೆ ನನ್ನ ಸಲಹೆ ಇಷ್ಟು: ಆರು ವರ್ಷದಲ್ಲಿ ಅರೆಬರೆಯಾಗಿ ಆರು ಸಲ ಮಾಡಿಸುವ ಬದಲು, ಆ ದುಡ್ಡಿನಲ್ಲಿ ಸರಿಯಾಗಿ ಎರಡು ಸಲ ಮಾಡಿಸಿ.

ಮೂರನೆಯದು ಮಾತ್ರೆ. ಎಂಡೋಸ್ಕೊಪಿಗೆ ಮುಂಚಿನ ಎಂಟು ವಾರವಾದರೂ ಆಸಿಡ್ ಹಿಡಿತದಲ್ಲಿರಬೇಕು. ಯಾಕೆ ಎಂದು ಕೆಳಗಿನ ಕತೆಯಲ್ಲಿ ಗೊತ್ತಾಗುತ್ತದೆ.

ಐದನೇ ದಾರಿ: ಲೋ ಗ್ರೇಡ್ ಬಂದಾಗ, ಸುಡಿಸುವುದೋ ಕಾಯುವುದೋ

ಮೊದಲು ಹೇಳಿದ ಮೂವರಲ್ಲಿ ವರ್ಷಕ್ಕೊಮ್ಮೆ ಬನ್ನಿ ಅನ್ನಿಸಿಕೊಂಡವರ ಕತೆ ಇದು. ವಯಸ್ಸು 54, ಬ್ಯಾಂಕಿನ ಕೆಲಸ. ಹದಿನೈದು ವರ್ಷದ ಎದೆಯುರಿ. ಗ್ಯಾಸ್ ಮಾತ್ರೆಯನ್ನು ಅಂಗಡಿಯಿಂದ ತಂದು, ಉರಿ ಬಂದ ದಿನ ಮಾತ್ರ ನುಂಗುತ್ತಿದ್ದರು. ರಿಪೋರ್ಟಿನಲ್ಲಿ ಅನ್ನನಾಳದ ಕೆಳಗೆ ಹುಣ್ಣು, ಬ್ಯಾರೆಟ್ಸ್ ಅನುಮಾನ, ಉದ್ದ ಬರೆದಿಲ್ಲ, ಬಯಾಪ್ಸಿ ಎರಡು ಚೂರು. ಪ್ಯಾಥಾಲಜಿ ರಿಪೋರ್ಟು: ಲೋ ಗ್ರೇಡ್ ಡಿಸ್ಪ್ಲೇಸಿಯಾ. ಒಬ್ಬರು ವರ್ಷಕ್ಕೊಮ್ಮೆ ನೋಡೋಣ ಅಂದರು. ಇನ್ನೊಬ್ಬರು ಆ ಪದರವನ್ನು ಈಗಲೇ ಸುಡಿಸಿಬಿಡಿ ಅಂದರು.

ಎರಡರಲ್ಲಿ ಯಾವುದನ್ನೂ ಇನ್ನೂ ಆರಿಸುವ ಹಾಗಿರಲಿಲ್ಲ. ಹುಣ್ಣಿರುವ ಜಾಗದಲ್ಲಿ ಕೋಶಗಳು ರಿಪೇರಿಯ ಗಡಿಬಿಡಿಯಲ್ಲಿರುತ್ತವೆ. ಆಗ ಅವು ಡಿಸ್ಪ್ಲೇಸಿಯಾದ ಥರವೇ ಕಾಣುತ್ತವೆ. ನುರಿತ ಕಣ್ಣಿಗೂ ಮೋಸವಾಗುತ್ತದೆ. ನೆದರ್ಲೆಂಡ್ಸಿನಲ್ಲಿ ಊರಾಸ್ಪತ್ರೆಗಳಲ್ಲಿ ‘ಲೋ ಗ್ರೇಡ್’ ಎಂದು ಬರೆಸಿಕೊಂಡ 147 ಜನರ ಸ್ಲೈಡುಗಳನ್ನು ಇದರಲ್ಲೇ ಪಳಗಿದ ಪ್ಯಾಥಾಲಜಿಸ್ಟುಗಳು ಮತ್ತೆ ನೋಡಿದರು. ಶೇ 85 ಮಂದಿಗೆ ಆ ಹಣೆಪಟ್ಟಿ ಉಳಿಯಲಿಲ್ಲ. ಹಾಗೆ ಬಿಟ್ಟುಹೋದವರಲ್ಲಿ ಕಾಯಿಲೆ ಮುಂದುವರಿದದ್ದು ವರ್ಷಕ್ಕೆ ಇನ್ನೂರು ಜನಕ್ಕೆ ಒಬ್ಬರಂತೆ. ಹಣೆಪಟ್ಟಿ ಗಟ್ಟಿಯಾಗಿ ಉಳಿದವರಲ್ಲಿ ಮಾತ್ರ ವರ್ಷಕ್ಕೆ ಶೇ 13ರಷ್ಟು ಮಂದಿ ಹೈ ಗ್ರೇಡ್ ಅಥವಾ ಕ್ಯಾನ್ಸರಿನ ಕಡೆ ಸರಿದರು. ಅಂದರೆ ಲೋ ಗ್ರೇಡ್ ಎಂಬ ಪದಕ್ಕಿಂತ, ಅದನ್ನು ಎರಡನೇ ಪ್ಯಾಥಾಲಜಿಸ್ಟ್ ಒಪ್ಪಿದರೇ ಎಂಬುದೇ ನಿಜವಾದ ಪ್ರಶ್ನೆ.

ಬ್ಯಾಂಕಿನವರಿಗೆ ಎಂಟು ವಾರ ದಿನಕ್ಕೆರಡು ಸಲ ಆಸಿಡ್ ಇಳಿಸುವ ಮಾತ್ರೆ ಕೊಟ್ಟೆವು. ತಿಂಡಿಗೆ ಅರ್ಧ ಗಂಟೆ ಮುಂಚೆ ಒಂದು, ರಾತ್ರಿ ಊಟಕ್ಕೆ ಅರ್ಧ ಗಂಟೆ ಮುಂಚೆ ಒಂದು. ಊಟ ಆದ ಮೇಲೆ ನುಂಗಿದರೆ ಅದು ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ. ಇದು ಅವರಿಗೆ ಹದಿನೈದು ವರ್ಷದಲ್ಲಿ ಯಾರೂ ಹೇಳಿರಲಿಲ್ಲ. ಆಮೇಲೆ ಮಂಪರು ಕೊಟ್ಟು ನೋಡಿದಾಗ ಹುಣ್ಣು ಆರಿತ್ತು. ಉದ್ದ `C1M4`. ಗುಬುಟು, ಗುಳಿ ಏನೂ ಇಲ್ಲ. ಹಿಂದಿನ ರಿಪೋರ್ಟಿನ ಕಾರಣಕ್ಕೆ ಒಂದೊಂದು ಸೆಂಟಿಮೀಟರಿಗೆ ನಾಲ್ಕರಂತೆ ಚೂರು ತೆಗೆದೆವು. ಹೊಸದರ ಜತೆ ಹಳೆಯ ಸ್ಲೈಡನ್ನೂ ಇನ್ನೊಂದು ಊರಿನ ಪ್ಯಾಥಾಲಜಿಸ್ಟ್‌ಗೆ ಕಳಿಸಿದೆವು. ಉತ್ತರ ಬಂತು: ಇಂಟೆಸ್ಟೈನಲ್ ಮೆಟಾಪ್ಲೇಸಿಯಾ ಇದೆ, ಡಿಸ್ಪ್ಲೇಸಿಯಾ ಎರಡರಲ್ಲೂ ಇಲ್ಲ. ಸುಡಿಸುವ ಮಾತು ಅಲ್ಲಿಗೆ ಮುಗಿಯಿತು.

ಎರಡನೆಯವರೂ ‘ಹೌದು, ಲೋ ಗ್ರೇಡ್’ ಎಂದಿದ್ದರೆ? ಆಗ ನಿಜವಾದ ಆಯ್ಕೆ ಎದುರಾಗುತ್ತಿತ್ತು. ಸುಡುವುದು ಅಂದರೆ ರೇಡಿಯೊಫ್ರೀಕ್ವೆನ್ಸಿ ಅಬ್ಲೇಷನ್. ಎಂಡೋಸ್ಕೊಪಿಯ ತುದಿಗೆ ಕಟ್ಟಿದ ತಟ್ಟೆಯಿಂದಲೋ ಬಲೂನಿನಿಂದಲೋ ಮೇಲ್ಪದರವನ್ನಷ್ಟೇ ಕಾಯಿಸಿ ತೆಗೆಯುವುದು. ಹೊಟ್ಟೆ ಕೊಯ್ಯುವುದಿಲ್ಲ. ಯುರೋಪಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಗಟ್ಟಿಯಾಗಿ ಲೋ ಗ್ರೇಡ್ ಎನಿಸಿಕೊಂಡ 136 ಜನರಲ್ಲಿ ಅರ್ಧದಷ್ಟು ಮಂದಿಗೆ ಸುಟ್ಟರು, ಅರ್ಧದಷ್ಟು ಮಂದಿಯನ್ನು ಕಾದರು. ಮೂರು ವರ್ಷದಲ್ಲಿ ಕಾದ 68 ಜನರಲ್ಲಿ 18 ಮಂದಿಗೆ ಹೈ ಗ್ರೇಡ್ ಅಥವಾ ಕ್ಯಾನ್ಸರ್ ಬಂತು. ಸುಟ್ಟ 68ರಲ್ಲಿ ಒಬ್ಬರಿಗೆ.

ಇಷ್ಟು ಕೇಳಿದರೆ ಸುಡಿಸುವುದೇ ಸರಿ ಅನ್ನಿಸುತ್ತದೆ, ಅಲ್ವಾ? ಇನ್ನೊಂದು ಮುಖವೂ ಇದೆ. ಸುಟ್ಟವರಲ್ಲಿ ಶೇ 12ರಷ್ಟು ಮಂದಿಗೆ ಅನ್ನನಾಳ ಕಿರಿದಾಗಿ, ಬಲೂನು ಹಾಕಿ ಹಿಗ್ಗಿಸಬೇಕಾಯಿತು. ಕಾದವರಲ್ಲಿ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಮಂದಿಯಲ್ಲಿ ಮುಂದಿನ ಬಯಾಪ್ಸಿಗಳಲ್ಲಿ ಡಿಸ್ಪ್ಲೇಸಿಯಾ ಕಾಣಲೇ ಇಲ್ಲ. ಒಂದೇ ಸಲಕ್ಕೆ ಮುಗಿಯುವುದೂ ಅಪರೂಪ. ಎರಡು ಮೂರು ತಿಂಗಳ ಅಂತರದಲ್ಲಿ ಹಲವು ಸಲ ಹೋಗಬೇಕು. ಪೂರ್ತಿ ಹೋದ ಮೇಲೂ ಕಾವಲು ನಿಲ್ಲುವುದಿಲ್ಲ. ಅಮೆರಿಕದ ಮಾರ್ಗಸೂಚಿಯಂತೆ ಲೋ ಗ್ರೇಡ್‌ನವರು ಒಂದನೇ ವರ್ಷ, ಮೂರನೇ ವರ್ಷ, ಆಮೇಲೆ ಎರಡೆರಡು ವರ್ಷಕ್ಕೆ ಬರಬೇಕು. ಸುಡಿಸಿದರೆ ಎಂಡೋಸ್ಕೊಪಿಯಿಂದ ಬಿಡುಗಡೆ ಎಂದು ನಂಬಿ ಬರುವವರಿಗೆ ನಾನು ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಸುಡಿಸುವುದು ಬೇಡ, ಕಾಯುತ್ತೇನೆ ಎಂದರೆ ಅದರ ವೇಳಾಪಟ್ಟಿಯೂ ಬಿಗಿ: ಆರು ತಿಂಗಳಿಗೆ, ಹನ್ನೆರಡು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ. ವರ್ಷಕ್ಕೊಮ್ಮೆ ಎಂಬ ಸಲಹೆಗೆ ಅರ್ಥ ಬರುವುದು ಇಲ್ಲೇ. ಬ್ಯಾರೆಟ್ಸ್ ಉದ್ದ ಇದ್ದು, ಎರಡು ಸಲ ಸತತವಾಗಿ ಡಿಸ್ಪ್ಲೇಸಿಯಾ ಕಂಡು, ವಯಸ್ಸು ಐವತ್ತು ಅರವತ್ತರೊಳಗಿದ್ದರೆ ನಾನು ಸುಡಿಸುವ ಕಡೆ ವಾಲುತ್ತೇನೆ. ಎಪ್ಪತ್ತು ದಾಟಿದವರು, ಚಿಕ್ಕ ಪಟ್ಟೆ, ಒಂದೇ ಚೂರಿನಲ್ಲಿ ಕಂಡದ್ದು, ಆರು ತಿಂಗಳಿಗೆ ತಪ್ಪದೆ ಬರುತ್ತಾರೆ ಎಂಬ ನಂಬಿಕೆ ಇದೆ ಅಂದರೆ ಕಾಯಬಹುದು. ಕೇಂದ್ರದ ಆಯ್ಕೆಯಲ್ಲಿ ಮಾತ್ರ ರಾಜಿ ಬೇಡ. ಇದನ್ನು ಆಗಾಗ ಮಾಡುವ ಕಡೆಯೇ ಹೋಗಿ, ದೂರ ಆದರೂ ಸರಿ.

ಹೈ ಗ್ರೇಡ್ ಎಂದು ಇಬ್ಬರು ಪ್ಯಾಥಾಲಜಿಸ್ಟರು ಒಪ್ಪಿದರೆ ಹೋಲಿಕೆಗೆ ಜಾಗವೇ ಇಲ್ಲ. ಕಾಣುವ ಗುಬುಟನ್ನು ಎಂಡೋಸ್ಕೊಪಿಯಲ್ಲೇ ಕೆತ್ತಿ ತೆಗೆದು, ಉಳಿದದ್ದನ್ನು ಸುಡಬೇಕು. ಕಾಯಬಾರದು.

ಡಿಸ್ಪ್ಲೇಸಿಯಾ ಇಲ್ಲ ಎನ್ನುವುದಕ್ಕೂ ಲೋ ಗ್ರೇಡಿಗೂ ನಡುವೆ ‘ಇಂಡೆಫಿನಿಟ್’ ಎಂಬ ಒಂದು ಪದವೂ ಬರುತ್ತದೆ. ಡಿಸ್ಪ್ಲೇಸಿಯಾ ಹೌದೋ ಅಲ್ಲವೋ ಹೇಳಲಾಗುತ್ತಿಲ್ಲ ಎಂದರ್ಥ. ಬ್ಯಾಂಕಿನವರಿಗೆ ಮಾಡಿದ್ದನ್ನೇ ಮಾಡಬೇಕು. ಮಾತ್ರೆ ಸರಿಯಾಗಿ ಕೊಟ್ಟು ಆರು ತಿಂಗಳೊಳಗೆ ಮತ್ತೆ ನೋಡಬೇಕು.

ಮಾತ್ರೆಯಿಂದಲೇ ಆಗುವುದಿಲ್ಲವೇ

ಸ್ವಲ್ಪ ಆಗುತ್ತದೆ. ಆಸ್ಪೆಕ್ಟ್ ಎಂಬ ಬ್ರಿಟನ್ನಿನ ಪ್ರಯೋಗ 2018ರಲ್ಲಿ ಪ್ರಕಟವಾಯಿತು. ಎರಡೂವರೆ ಸಾವಿರ ಬ್ಯಾರೆಟ್ಸ್ ರೋಗಿಗಳನ್ನು ಸುಮಾರು ಒಂಬತ್ತು ವರ್ಷ ನೋಡಿದರು. ಈಸೊಮೆಪ್ರಜೋಲ್ 40 ಮಿಲಿಗ್ರಾಂ ದಿನಕ್ಕೆರಡು ಸಲ ತೆಗೆದುಕೊಂಡವರು, 20 ಮಿಲಿಗ್ರಾಂ ಒಂದು ಸಲ ತೆಗೆದುಕೊಂಡವರಿಗಿಂತ ಸ್ವಲ್ಪ ಚೆನ್ನಾಗಿದ್ದರು. ಸಾವು, ಕ್ಯಾನ್ಸರ್, ಹೈ ಗ್ರೇಡ್ ಮೂರನ್ನೂ ಒಟ್ಟಿಗೆ ಹಿಡಿದು ನೋಡಿದ ಲೆಕ್ಕ ಅದು. ಹಾಗೆಂದು ಎಲ್ಲರಿಗೂ ಎರಡು ಸಲ ಕೊಡುವುದಿಲ್ಲ. ದಿನಕ್ಕೊಂದು ಎಲ್ಲರಿಗೂ ಬೇಕು, ಎದೆಯುರಿ ಇಲ್ಲದಿದ್ದರೂ. ಹುಣ್ಣು ಆರದಿದ್ದರೆ, ಉರಿ ನಿಲ್ಲದಿದ್ದರೆ ಎರಡು. ಅದೇ ಪ್ರಯೋಗದಲ್ಲಿ ಆಸ್ಪಿರಿನ್ ಕೂಡ ಇತ್ತು. ಅದನ್ನು ಓದಿ ಅಂಗಡಿಯಿಂದ ತಂದು ಶುರು ಮಾಡಬೇಡಿ, ರಕ್ತಸ್ರಾವದ ಲೆಕ್ಕ ಬೇರೆ ಇದೆ. ಮಾತ್ರೆಯಿಂದ ಪಟ್ಟೆ ಮಾಯವಾಗುವುದನ್ನೂ ನಿರೀಕ್ಷಿಸಬೇಡಿ. ಉರಿ ಹೋಯಿತು ಎಂದರೆ ಬ್ಯಾರೆಟ್ಸ್ ಹೋಯಿತು ಎಂದಲ್ಲ.

ಬ್ಯಾಂಕಿನವರು ಈಗ ಮೂರು ವರ್ಷದ ಸಾಲಿನಲ್ಲಿದ್ದಾರೆ. ಆದರೆ ಒಮ್ಮೆ ಲೋ ಗ್ರೇಡ್ ಎಂಬ ಮಾತು ಬಂದುಹೋದ ಕಾರಣ, ಮೊದಲ ಸಲ ಮಾತ್ರ ಒಂದು ವರ್ಷಕ್ಕೇ ಕರೆದಿದ್ದೇನೆ. ಇದು ಯಾವ ಮಾರ್ಗಸೂಚಿಯ ಸಾಲೂ ಅಲ್ಲ, ನನ್ನ ಜಾಗ್ರತೆ. ಹೋಗುವಾಗ ಅವರು ಕೇಳಿದ್ದು ಒಂದೇ: ‘ಸ್ಲೈಡು ನಾನೇ ಇಟ್ಟುಕೊಳ್ಳಲಾ ಸಾರ್, ಇಲ್ಲೇ ಬಿಡಲಾ?’ ಲ್ಯಾಬುಗಳು ಅದನ್ನು ಎಂದೆಂದಿಗೂ ಇಟ್ಟುಕೊಳ್ಳುವುದಿಲ್ಲ. ಸ್ಲೈಡು, ಬಯಾಪ್ಸಿ ಚೂರು ಹುದುಗಿಸಿದ ಮೇಣದ ಬ್ಲಾಕು, ಫೋಟೊ ಇರುವ ರಿಪೋರ್ಟು, ಮೂರನ್ನೂ ಕೇಳಿ ಪಡೆದು, ಮನೆ ಪತ್ರ ಇಡುವ ಕಪಾಟಿನಲ್ಲಿ ಇಡಿ ಎಂದೆ.